ಕೊಪ್ಪಳದ ಶಿಲಾಶಾಸನ ಮತ್ತು ಬೌದ್ಧ ನಿಕಾಯಗಳು: ಮಾರ್ಗ ಹಾಗೂ ವಿನಯದ ದೃಷ್ಟಿಯಿಂದ ಒಂದು ಮರುಪರಿಶೀಲನೆ

ಪ್ರವೇಶ

ಕೊಪ್ಪಳ ಪಟ್ಟಣದ ಗವಿಮಠದ ಬೆಟ್ಟ ಹಾಗೂ ಅದರ ಸಮೀಪದ ಪಾಲ್ಕಿಗುಂಡು, ಇವೆರಡೂ ಕನ್ನಡ ನಾಡಿನ ಧಾರ್ಮಿಕ ಇತಿಹಾಸದಲ್ಲಿ ವಿಶಿಷ್ಟ ಸ್ಥಾನ ಪಡೆದಿವೆ. ಜೈನರ ಪಾಲಿಗೆ ಕೊಪಣವು ಮಹಾತೀರ್ಥ. ಪಾಲ್ಕಿಗುಂಡಿನ ಮೇಲೆ ಜಟಾಸಿಂಹನಂದಿ ಆಚಾರ್ಯರ ಪಾದಗಳಿವೆ. ವೀರಶೈವ ಪರಂಪರೆಯ ಗವಿಸಿದ್ಧೇಶ್ವರ ಮಠ ಇಂದಿಗೂ ಲಕ್ಷಾಂತರ ಭಕ್ತರ ಶ್ರದ್ಧಾಕೇಂದ್ರ. ಇವೆಲ್ಲಕ್ಕಿಂತ ಹಳೆಯದಾಗಿ ಇದೇ ಕಲ್ಲುಗಳ ಮೇಲೆ ಕ್ರಿ.ಪೂ. ಮೂರನೆಯ ಶತಮಾನದ ಅಶೋಕನ ಬರಹಗಳಿವೆ. 1931ರಲ್ಲಿ ಬೆಳಕಿಗೆ ಬಂದ ಈ ಎರಡು ಶಾಸನಗಳನ್ನು ಆರ್.ಎಲ್. ಟರ್ನರ್ ಅವರು ಮರುವರ್ಷ ಹೈದರಾಬಾದ್ ಪುರಾತತ್ವ ಮಾಲೆಯಲ್ಲಿ ಪ್ರಕಟಿಸಿದರು.

ಈ ಶಾಸನಗಳ ಆಧಾರದ ಮೇಲೆ ಕರ್ನಾಟಕದ ಬೌದ್ಧಧರ್ಮದ ಚರಿತ್ರೆಯನ್ನು ಹೇಳುವಾಗ ಒಂದು ಸಿದ್ಧ ಚೌಕಟ್ಟು ಬಳಕೆಯಲ್ಲಿದೆ. ಅಶೋಕನ ಕಾಲದ್ದೆಲ್ಲ ಹೀನಯಾನ, ಅನಂತರದ್ದು ಮಹಾಯಾನ, ಚಾಲುಕ್ಯರ ಕಾಲದ್ದು ವಜ್ರಯಾನ ಎಂಬ ಮೂರು ಮೆಟ್ಟಿಲುಗಳ ವಿಂಗಡಣೆಯೇ ಆ ಚೌಕಟ್ಟು. ಇದರ ಪ್ರಕಾರ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗವು ಆರಂಭದಲ್ಲಿ ಹೀನಯಾನದ ನೆಲೆ. ಹೇಳಲು ಸುಲಭವಾದ ಈ ವಿಂಗಡಣೆಯಲ್ಲಿ ಒಂದು ಮೂಲಭೂತ ತೊಡಕಿದೆ. ಬೌದ್ಧಧರ್ಮದಲ್ಲಿ ಸಾಧಕನ ಗುರಿ ಮತ್ತು ದಾರಿಯನ್ನು ಕುರಿತ ಭೇದ ಒಂದು. ಭಿಕ್ಷುವಿನ ದೀಕ್ಷೆ ಮತ್ತು ನಿತ್ಯದ ನಡವಳಿಕೆಯನ್ನು ಕುರಿತ ಭೇದ ಇನ್ನೊಂದು. ಮೊದಲನೆಯದಕ್ಕೆ ಯಾನವೆಂದೂ ಎರಡನೆಯದಕ್ಕೆ ನಿಕಾಯವೆಂದೂ ಹೆಸರು. ಇವೆರಡನ್ನೂ ಒಂದೇ ಎಂದು ಭಾವಿಸಿದಾಗ ಶಾಸನ ಹೇಳದ ಮಾತನ್ನು ಶಾಸನದ ಬಾಯಲ್ಲಿ ಹೇಳಿಸಿದಂತಾಗುತ್ತದೆ. ಈ ಭೇದವನ್ನು ಮುಂದಿಟ್ಟುಕೊಂಡು ಕೊಪ್ಪಳ ಪರಿಸರದ ಆಧಾರಗಳನ್ನು ಮತ್ತೊಮ್ಮೆ ಓದುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಶಾಸನ ಹೇಳುವುದೇನು?

ಪಾಲ್ಕಿಗುಂಡಿನ ಪಾಠ ಬಹಳ ಸವೆದುಹೋಗಿದೆ. ಮೇಲೆ ಚಾಚಿದ ಬಂಡೆಯ ಮರೆಯಲ್ಲಿರುವ ಗವಿಮಠದ ಪಾಠ ಮಾತ್ರ ಓದುವಷ್ಟು ಉಳಿದಿದೆ. ಅದರ ಸಾರಾಂಶ ಹೀಗಿದೆ. ದೇವಾನಾಂಪ್ರಿಯನು ಉಪಾಸಕನಾಗಿ ಎರಡೂವರೆ ವರ್ಷಕ್ಕಿಂತ ಹೆಚ್ಚು ಕಾಲ ಕಳೆದಿದೆ. ಮೊದಲು ಅವನು ಅಷ್ಟಾಗಿ ಶ್ರಮಿಸಿರಲಿಲ್ಲ. ಸಂಘವನ್ನು ಸಮೀಪಿಸಿ ಒಂದು ವರ್ಷಕ್ಕಿಂತ ಮೇಲಾಯಿತು. ಅಂದಿನಿಂದ ಚೆನ್ನಾಗಿ ಶ್ರಮಿಸುತ್ತಿದ್ದಾನೆ. ಹಿಂದೆ ಜಂಬೂದ್ವೀಪದಲ್ಲಿ ದೇವತೆಗಳೊಡನೆ ಬೆರೆಯದಿದ್ದ ಮನುಷ್ಯರು ಈಗ ಬೆರೆತಿದ್ದಾರೆ. ಇದು ಶ್ರಮದ ಫಲ. ಇದು ದೊಡ್ಡವರಿಗೆ ಮಾತ್ರ ಸಾಧ್ಯವಾದುದಲ್ಲ. ಸಣ್ಣವನೂ ಶ್ರಮಿಸಿದರೆ ವಿಪುಲವಾದ ಸ್ವರ್ಗವನ್ನು ಪಡೆಯಬಲ್ಲ.

ಇಲ್ಲಿ ಮೂರು ಸಂಗತಿಗಳು ಗಮನಾರ್ಹವಾಗಿವೆ. ಮೊದಲನೆಯದಾಗಿ, ಮಾತನಾಡುತ್ತಿರುವವನು ಉಪಾಸಕ, ಅಂದರೆ ಗೃಹಸ್ಥ ಅನುಯಾಯಿ. ಎರಡನೆಯದಾಗಿ, ಶ್ರಮಕ್ಕೆ ದೊರೆಯುವ ಫಲವೆಂದು ಶಾಸನವು ಹೆಸರಿಸುವುದು ಸ್ವರ್ಗವನ್ನು. ನಿರ್ವಾಣವಾಗಲಿ, ಅರ್ಹತ್ತ್ವವಾಗಲಿ, ಬುದ್ಧತ್ವವಾಗಲಿ ಅಲ್ಲಿ ಬರುವುದಿಲ್ಲ. ಬೌದ್ಧ ಪಂಥಗಳು ತಮ್ಮತಮ್ಮಲ್ಲಿ ವಾದಿಸಿದ್ದು ಈ ಕೊನೆಯ ಮೂರರ ಬಗ್ಗೆ; ಗೃಹಸ್ಥನ ಪುಣ್ಯಕ್ಕೆ ಸ್ವರ್ಗವೇ ಫಲವೆಂಬುದನ್ನು ಯಾವ ಪಂಥವೂ ಅಲ್ಲಗಳೆದಿಲ್ಲ. ಮೂರನೆಯದಾಗಿ, ಸಂಘವೆಂಬ ಪದ ಬಂದಿದೆಯೇ ಹೊರತು ಅದು ಯಾವ ನಿಕಾಯದ ಸಂಘವೆಂಬ ಸೂಚನೆಯಿಲ್ಲ. ಹೀಗಾಗಿ ಈ ಬರಹದಿಂದ ಹೀನಯಾನವನ್ನಾಗಲಿ, ಥೇರವಾದವನ್ನಾಗಲಿ ಊಹಿಸಲು ಆಧಾರ ದೊರೆಯುವುದಿಲ್ಲ.

ಸಂಘವನ್ನು ಸಮೀಪಿಸಿದ ಮಾತು ಮಾತ್ರ ವಿನಯದ ಒಂದು ಪ್ರಶ್ನೆಯನ್ನು ಎತ್ತುತ್ತದೆ. ಗವಿಮಠದಲ್ಲಿ ಇದಕ್ಕೆ ‘ಉಪೇತೇ’ ಎಂಬ ಪದವಿದೆ. ಬ್ರಹ್ಮಗಿರಿಯಲ್ಲಿ ‘ಉಪಯೀತೇ’ ಎಂದೂ ಮಸ್ಕಿಯಲ್ಲಿ ‘ಉಪಗತೇ’ ಎಂದೂ ಇದೆ. ಅಶೋಕನು ಭಿಕ್ಷುವೇ ಆದನೆಂದು ಕೆಲವರು ವ್ಯಾಖ್ಯಾನಿಸಿದರೆ, ಅವನು ಸಂಘವನ್ನು ಸಂದರ್ಶಿಸಿದನೆಂದಷ್ಟೇ ಇನ್ನು ಕೆಲವರು ಹೇಳಿದರು. ಡಿ.ಆರ್. ಭಂಡಾರ್ಕರ್ ಅವರು ಇವೆರಡರ ನಡುವೆ ಮೂರನೆಯ ದಾರಿಯೊಂದನ್ನು ತೋರಿಸಿದರು. ಪಾಲಿ ವಿನಯದಲ್ಲಿ ‘ಭಿಕ್ಖುಗತಿಕ’ ಎಂಬ ಪದವಿದೆ. ದೀಕ್ಷೆ ಪಡೆಯದೆ ಭಿಕ್ಷುಗಳ ಜೊತೆಯಲ್ಲಿ ವಿಹಾರದಲ್ಲಿ ವಾಸಿಸುವ ಗೃಹಸ್ಥನಿಗೆ ಆ ಹೆಸರು. ಅಶೋಕನ ಸ್ಥಿತಿ ಇದೇ ಇರಬಹುದೆಂಬುದು ಅವರ ಅಭಿಪ್ರಾಯ. ಸೂಕ್ಷ್ಮವಾದ ಸಲಹೆಯಿದು. ಆದರೆ ಮೂರು ಊರುಗಳ ಮೂರು ಪಾಠಗಳು ಮೂರು ಪದಗಳನ್ನು ಬಳಸಿವೆ ಎಂಬುದನ್ನು ಮರೆಯುವಂತಿಲ್ಲ. ಉಪಸಂಪದೆ ಎಂಬ ದೀಕ್ಷೆಯ ಪಾರಿಭಾಷಿಕ ಪದವಂತೂ ಈ ಮೂರರಲ್ಲಿ ಯಾವುದೂ ಅಲ್ಲ. ವಿನಯವು ಪಾರಿಭಾಷಿಕ ಪದಗಳ ಶಾಸ್ತ್ರ. ಅಂಥ ಪದ ಇಲ್ಲದಿರುವಾಗ ದೀಕ್ಷೆಯನ್ನು ಕಲ್ಪಿಸುವುದು ಸರಿಯಾಗಲಾರದು. ಕೊಪ್ಪಳದ ಕಲ್ಲು ಸಂಘದ ಹೊಸ್ತಿಲಲ್ಲಿ ನಿಂತ ಗೃಹಸ್ಥನ ಮಾತು ಎನ್ನುವುದೇ ಯುಕ್ತ.

ನಿಕಾಯ ಮತ್ತು ಯಾನ

ಹಾಗಿದ್ದರೆ ನಿಕಾಯವೆಂದರೇನು? ಭಿಕ್ಷುವಾಗಬೇಕಾದವನು ಒಂದು ಸಂಘದ ಮುಂದೆ ನಿಂತು ಉಪಸಂಪದೆ ಪಡೆಯಬೇಕು. ಆ ಸಂಘದ ಪ್ರತಿಯೊಬ್ಬ ಭಿಕ್ಷುವೂ ಹಿಂದೆ ಅದೇ ಕ್ರಮದಲ್ಲಿ ದೀಕ್ಷೆ ಪಡೆದಿರಬೇಕು. ಪಕ್ಷಕ್ಕೊಮ್ಮೆ ಅವರೆಲ್ಲ ಸೇರಿ ಪ್ರಾತಿಮೋಕ್ಷವೆಂಬ ನಿಯಮಾವಳಿಯನ್ನು ಒಟ್ಟಿಗೆ ಪಠಿಸಬೇಕು. ಹೀಗೆ ಒಂದೇ ನಿಯಮಾವಳಿಯನ್ನು ಪಠಿಸುವ, ಒಂದೇ ದೀಕ್ಷಾ ಪರಂಪರೆಗೆ ಸೇರಿದ ಭಿಕ್ಷುಗಳ ಸಮುದಾಯ ನಿಕಾಯ. ಥೇರವಾದ, ಮಹಾಸಾಂಘಿಕ, ಸರ್ವಾಸ್ತಿವಾದ, ಧರ್ಮಗುಪ್ತಕ, ಮಹೀಶಾಸಕ ಮೊದಲಾದವು ಇಂಥ ನಿಕಾಯಗಳು. ಸಂಪ್ರದಾಯವು ಇವುಗಳ ಸಂಖ್ಯೆಯನ್ನು ಹದಿನೆಂಟು ಎಂದು ಎಣಿಸುತ್ತದೆ.

ಮಹಾಯಾನವು ಇವುಗಳ ಸಾಲಿಗೆ ಸೇರಿದ ಹತ್ತೊಂಬತ್ತನೆಯ ನಿಕಾಯವಲ್ಲ. ಅದಕ್ಕೆ ತನ್ನದೇ ಆದ ಭಿಕ್ಷುದೀಕ್ಷೆ ಇರಲಿಲ್ಲ. ಏಳನೆಯ ಶತಮಾನದ ಕೊನೆಯಲ್ಲಿ ಭಾರತದಲ್ಲಿ ಸಂಚರಿಸಿದ ಚೀನೀ ಯಾತ್ರಿಕ ಇತ್ಸಿಂಗನು ಇದನ್ನು ಸ್ಪಷ್ಟವಾಗಿ ದಾಖಲಿಸಿದ್ದಾನೆ. ಎರಡೂ ಕಡೆಯವರು ಪಾಲಿಸುವುದು ಒಂದೇ ವಿನಯವನ್ನು. ಬೋಧಿಸತ್ತ್ವರನ್ನು ಪೂಜಿಸಿ ಮಹಾಯಾನ ಸೂತ್ರಗಳನ್ನು ಓದುವವರನ್ನು ಮಹಾಯಾನಿಗಳೆನ್ನುತ್ತಾರೆ, ಹಾಗೆ ಮಾಡದವರನ್ನು ಹೀನಯಾನಿಗಳೆನ್ನುತ್ತಾರೆ ಎಂಬುದು ಅವನ ಹೇಳಿಕೆಯ ತಾತ್ಪರ್ಯ. ಅಂದರೆ ಒಂದೇ ವಿಹಾರದಲ್ಲಿ, ಒಂದೇ ನಿಕಾಯದಲ್ಲಿ ದೀಕ್ಷೆ ಪಡೆದ ಇಬ್ಬರು ಭಿಕ್ಷುಗಳಲ್ಲಿ ಒಬ್ಬನು ಅರ್ಹಂತನಾಗಲು ಬಯಸಬಹುದು, ಇನ್ನೊಬ್ಬನು ಬುದ್ಧನಾಗುವ ಸಂಕಲ್ಪ ತೊಡಬಹುದು. ಪ್ರಾತಿಮೋಕ್ಷ ಪಠಣದಲ್ಲಿ ಇಬ್ಬರೂ ಪಕ್ಕಪಕ್ಕದಲ್ಲಿ ಕೂರುತ್ತಾರೆ. ಹೀನಯಾನವೆಂಬ ಹೆಸರಂತೂ ಎದುರು ಪಕ್ಷದವರು ಇಟ್ಟದ್ದು. ಯಾವ ನಿಕಾಯವೂ ತನ್ನನ್ನು ಹಾಗೆ ಕರೆದುಕೊಂಡಿಲ್ಲ.

ನಿಕಾಯಗಳ ನಡುವಣ ನಿಯಮಭೇದವನ್ನೂ ಅತಿಯಾಗಿ ಕಲ್ಪಿಸಬೇಕಾಗಿಲ್ಲ. ಥೇರವಾದಿ ಭಿಕ್ಷುವಿಗೆ 227, ಧರ್ಮಗುಪ್ತಕನಿಗೆ 250, ಮಹೀಶಾಸಕನಿಗೆ 251, ಮಹಾಸಾಂಘಿಕನಿಗೆ 218 ನಿಯಮಗಳು. ಈ ಅಂಕಿಗಳನ್ನು ನೋಡಿದರೆ ಅಂತರ ದೊಡ್ಡದೆನಿಸುತ್ತದೆ. ಒಳಹೊಕ್ಕು ನೋಡಿದರೆ ಸಂಘದಿಂದ ಶಾಶ್ವತವಾಗಿ ಹೊರಹಾಕಿಸುವ ನಾಲ್ಕು ಪಾರಾಜಿಕಗಳು ಎಲ್ಲರಿಗೂ ಸಮಾನ. ಸಂಘದ ಸಭೆಯಲ್ಲಿ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕಾದ ಹದಿಮೂರು ಅಪರಾಧಗಳೂ ಸಮಾನ. ಪಾತ್ರೆ ಚೀವರಗಳಿಗೆ ಸಂಬಂಧಿಸಿದ ಮೂವತ್ತು ನಿಯಮಗಳ ಸಂಖ್ಯೆಯಲ್ಲೂ ವ್ಯತ್ಯಾಸವಿಲ್ಲ. ಅಂತರವೆಲ್ಲ ಹೆಚ್ಚಾಗಿ ಶೈಕ್ಷ ಎಂಬ ಕೊನೆಯ ಭಾಗದಲ್ಲಿದೆ. ಹೇಗೆ ಉಡಬೇಕು, ಹೇಗೆ ಉಣ್ಣಬೇಕು, ಊರೊಳಗೆ ಹೇಗೆ ನಡೆಯಬೇಕು ಎಂಬ ಶಿಷ್ಟಾಚಾರದ ಭಾಗವದು. ಥೇರವಾದದಲ್ಲಿ ಇವು 75, ಮಹಾಸಾಂಘಿಕದಲ್ಲಿ 66, ಧರ್ಮಗುಪ್ತಕ ಮತ್ತು ಮಹೀಶಾಸಕಗಳಲ್ಲಿ ತಲಾ 100. ಶೀಲದ ತಿರುಳು ಒಂದೇ ಆಗಿದ್ದು, ಹೊರನಡತೆಯಲ್ಲಿ ನಿಕಾಯಗಳು ಕವಲೊಡೆದಿವೆ. ಆದರೆ ಆ ಕವಲಿನಲ್ಲಿ ಮಾರ್ಗದ ವಿಚಾರವೂ ಕೆಲವೊಮ್ಮೆ ಅಡಗಿರುತ್ತದೆಂಬುದಕ್ಕೆ ಮಹೀಶಾಸಕರು ಒಳ್ಳೆಯ ನಿದರ್ಶನ. ಕನ್ನಡ ನಾಡಿನೊಂದಿಗೆ ಹೆಸರಿನಿಂದ ತಳಕು ಹಾಕಬಹುದಾದ ನಿಕಾಯವೂ ಅದೇ.

ಬನವಾಸಿಯ ರಾಣಿ ಮತ್ತು ಮಹೀಶಾಸಕರು

ಕೃಷ್ಣಾ ಕಣಿವೆಯ ನಾಗಾರ್ಜುನಕೊಂಡದಲ್ಲಿ ದೊರೆತ ಸ್ತಂಭಶಾಸನವೊಂದು ಇಕ್ಷ್ವಾಕು ದೊರೆ ಎಹುವುಲ ಚಾಂತಮೂಲನ ಹನ್ನೊಂದನೆಯ ಆಳ್ವಿಕೆಯ ವರ್ಷದ್ದು. ಅದನ್ನು ನಿಲ್ಲಿಸಿದವಳು ಕೊಡಬಲಿಸಿರಿ. ಈಕೆ ವೀರಪುರುಷದತ್ತನ ಮಗಳು, ಎಹುವುಲನ ಸೋದರಿ, ವನವಾಸದ ಮಹಾರಾಜನ ಪಟ್ಟದರಸಿ. ವನವಾಸವೆಂದರೆ ಬನವಾಸಿ. ಆಕೆ ಸ್ತಂಭವನ್ನೂ ವಿಹಾರವನ್ನೂ ಮಾಡಿಸಿಕೊಟ್ಟಿದ್ದು ಮಹೀಶಾಸಕ ಆಚಾರ್ಯರಿಗೆ. ನಿಕಾಯವನ್ನು ಗುರುತಿಸುವ ಸರಿಯಾದ ಬಗೆ ಇದು: ದಾನ ಪಡೆದ ಆಚಾರ್ಯರ ಹೆಸರಿನೊಡನೆ ನಿಕಾಯದ ಹೆಸರೂ ಕಲ್ಲಿನ ಮೇಲಿರಬೇಕು. ಗವಿಮಠದಲ್ಲಿ ಇಲ್ಲದ್ದು ಇದೇ.

ಈ ಶಾಸನವನ್ನು ಸಿಂಹಳದ ವಂಶಕಥೆಗಳ ಜೊತೆಗಿಟ್ಟು ನೋಡುವುದುಂಟು. ಅಶೋಕನ ಕಾಲದಲ್ಲಿ ರಕ್ಖಿತ ಥೇರನು ವನವಾಸಕ್ಕೂ ಮಹಾದೇವ ಥೇರನು ಮಹಿಸಮಂಡಲಕ್ಕೂ ಹೋದರೆಂದು ಮಹಾವಂಸ ಹೇಳುತ್ತದೆ. ಮಹಿಸಮಂಡಲವೇ ಮಹೀಶಾಸಕರ ಮೂಲನೆಲೆಯೆಂದು ಫ್ರೆಂಚ್ ವಿದ್ವಾಂಸ ಷಿಲುಸ್ಕಿ ಊಹಿಸಿದರು. ಆಕರ್ಷಕವಾದ ಊಹೆಯಿದು. ಆದರೆ ಎರಡು ಎಚ್ಚರಗಳು ಅಗತ್ಯ. ಮಹಿಸಮಂಡಲವು ಮೈಸೂರು ಪ್ರದೇಶವೆಂಬುದರಲ್ಲಿ ಒಮ್ಮತವಿಲ್ಲ. ಅದು ನರ್ಮದಾ ತೀರದ ಮಾಹಿಷ್ಮತಿ ಎನ್ನುವವರೂ ಇದ್ದಾರೆ. ಮಹೀಶಾಸಕ ಎಂಬ ಹೆಸರನ್ನು ಬೌದ್ಧ ಸಂಪ್ರದಾಯವು ಮಹಿಯನ್ನು, ಅಂದರೆ ಭೂಮಿಯನ್ನು, ಶಾಸಿಸುವವನು ಎಂದು ಬಿಡಿಸುತ್ತದೆಯೇ ಹೊರತು ನಾಡಿನ ಹೆಸರಿನಿಂದಲ್ಲ. ಜೊತೆಗೆ ರಾಣಿ ದಾನ ಮಾಡಿದ್ದು ತನ್ನ ತವರಿನಲ್ಲಿ. ಬನವಾಸಿಯಲ್ಲಿ ಮಹೀಶಾಸಕರಿದ್ದರೆಂದು ಆ ಕಲ್ಲು ಹೇಳುವುದಿಲ್ಲ. ಆ ನಿಕಾಯಕ್ಕೆ ಕನ್ನಡ ಅರಸುಮನೆಯೊಂದರಲ್ಲಿ ಶ್ರದ್ಧೆಯಿತ್ತು ಎಂಬಷ್ಟು ಮಾತ್ರ ನಿಶ್ಚಿತ.

ಮಹೀಶಾಸಕರ ಮಾರ್ಗವಿಚಾರ ಏನಾಗಿತ್ತು? ವಸುಮಿತ್ರನ ಹೆಸರಿನಲ್ಲಿರುವ ನಿಕಾಯಭೇದದ ಗ್ರಂಥದಿಂದ ಇದು ತಿಳಿದುಬರುತ್ತದೆ. ಸಾಧಕನು ನಾಲ್ಕು ಆರ್ಯಸತ್ಯಗಳನ್ನು ಕಾಣುವುದು ಒಂದೊಂದಾಗಿಯೋ ಅಥವಾ ಒಮ್ಮೆಲೇ ಎಂಬುದು ನಿಕಾಯಗಳ ನಡುವಿನ ದೊಡ್ಡ ವಾದ. ಸರ್ವಾಸ್ತಿವಾದಿಗಳ ಪ್ರಕಾರ ಅದು ಕ್ರಮಕ್ರಮವಾದ ದರ್ಶನ. ಮೊದಲು ದುಃಖ, ಅನಂತರ ಅದರ ಕಾರಣ, ಹೀಗೆ ಕ್ಷಣಕ್ಷಣವಾಗಿ ಸಾಗಿ ಹದಿನಾರನೆಯ ಕ್ಷಣದಲ್ಲಿ ಅದು ಪೂರ್ಣಗೊಳ್ಳುತ್ತದೆ. ಮಹೀಶಾಸಕರ ಪ್ರಕಾರ ನಾಲ್ಕೂ ಸತ್ಯಗಳು ಒಮ್ಮೆಲೇ ಕಾಣುತ್ತವೆ. ಥೇರವಾದಿಗಳ ಮತವೂ ಇದೇ. ಈ ಭೇದವು ದೀಕ್ಷೆಯನ್ನಾಗಲಿ, ಊಟವನ್ನಾಗಲಿ, ಉಡುಪನ್ನಾಗಲಿ ಮುಟ್ಟುವುದಿಲ್ಲ. ಇದು ಶುದ್ಧವಾಗಿ ದಾರಿಯ ಚರ್ಚೆ.

ಇನ್ನೊಂದು ವಾದ ಹಾಗಲ್ಲ. ಬುದ್ಧನು ಸಂಘದೊಳಗೇ ಸೇರಿದವನು, ಆದ್ದರಿಂದ ಸಂಘಕ್ಕೆ ಕೊಟ್ಟ ದಾನವೇ ಮಹಾಫಲವುಳ್ಳದ್ದು, ಸ್ತೂಪಪೂಜೆಯ ಫಲ ಅಲ್ಪ ಎಂದು ಮಹೀಶಾಸಕರು ಹೇಳಿದರು. ಅವರಿಂದ ಕವಲೊಡೆದವರೆಂದು ಹೇಳಲಾಗುವ ಧರ್ಮಗುಪ್ತಕರು ಇದನ್ನು ತಿರುಗಿಸಿ, ಬುದ್ಧನಿಗೆ ಪ್ರತ್ಯೇಕವಾಗಿ ಕೊಟ್ಟ ದಾನ ಹೆಚ್ಚಿನದು, ಸ್ತೂಪಪೂಜೆ ಮಹಾಫಲದಾಯಕ ಎಂದರು. ಈಗ ಎರಡೂ ನಿಕಾಯಗಳ ಶೈಕ್ಷ ನಿಯಮಗಳತ್ತ ತಿರುಗಬೇಕು. ಎರಡರಲ್ಲೂ ನೂರು ನಿಯಮಗಳು. ಆದರೆ ಧರ್ಮಗುಪ್ತಕರ ನೂರರಲ್ಲಿ ಇಪ್ಪತ್ತಾರು ನಿಯಮಗಳು ಸ್ತೂಪದ ಬಳಿ ಹೇಗೆ ನಡೆದುಕೊಳ್ಳಬೇಕೆಂಬುದಕ್ಕೇ ಮೀಸಲು. ಸ್ತೂಪದೊಳಗೆ ಮಲಗಬಾರದು, ಪಾದರಕ್ಷೆ ತೊಟ್ಟು ಹೋಗಬಾರದು, ಅದರ ಕಡೆಗೆ ಕಾಲು ಚಾಚಿ ಕೂರಬಾರದು ಎಂಬಂಥವು ಅವು. ಇತರ ನಿಕಾಯಗಳ ಪ್ರಾತಿಮೋಕ್ಷದಲ್ಲಿ ಈ ಗುಂಪು ಇಲ್ಲ. ಪುಣ್ಯವನ್ನು ಕುರಿತ ಒಂದು ಸಿದ್ಧಾಂತವು ಭಿಕ್ಷುವಿನ ಕಾಲಿನ ಚಲನೆಯವರೆಗೆ ಇಳಿದುಬಂದಿರುವುದನ್ನು ಇಲ್ಲಿ ಕಾಣಬಹುದು. ಮಾರ್ಗ ಮತ್ತು ವಿನಯ ಬೇರೆಬೇರೆ ಎಂಬುದು ನಿಜವಾದರೂ ಅವು ಪರಸ್ಪರ ಅಪರಿಚಿತವಲ್ಲ.

ಅನ್ನದ ನಿಯಮ ಮತ್ತು ಎರೆನೆಲದ ನಿಯಮ

ನಿಯಮವು ನೆಲಕ್ಕೆ ತಕ್ಕಂತೆ ಬಾಗಬಹುದೇ ಎಂಬ ಪ್ರಶ್ನೆಯಲ್ಲಿ ಈ ಸಂಬಂಧ ಇನ್ನೂ ತೀಕ್ಷ್ಣವಾಗುತ್ತದೆ. ಭಿಕ್ಷುವು ವಿಹಾರದೊಳಗೆ ಧಾನ್ಯ ಕೂಡಿಡಬಾರದು, ಒಳಗೆ ಅಡುಗೆ ಮಾಡಬಾರದು, ತಾನೇ ಬೇಯಿಸಿಕೊಳ್ಳಬಾರದು ಎಂಬುದು ಸಾಮಾನ್ಯ ನಿಯಮ. ರಾಜಗೃಹದಲ್ಲಿ ಬರ ಬಂದಾಗ ಬುದ್ಧನು ಈ ಮೂರನ್ನೂ ಅನುಮತಿಸಿದನೆಂದೂ, ಮುಂದೆ ವೈಶಾಲಿಯಲ್ಲಿ ಸುಭಿಕ್ಷವಿದ್ದಾಗ ಅನುಮತಿಯನ್ನು ಹಿಂತೆಗೆದುಕೊಂಡನೆಂದೂ ಪಾಲಿಯ ಮಹಾವಗ್ಗ ಹೇಳುತ್ತದೆ.

ಬುದ್ಧನ ಪರಿನಿರ್ವಾಣದ ಬಳಿಕ ನಡೆದ ಮೊದಲ ಸಂಗೀತಿಗೆ ಪುರಾಣನೆಂಬ ಹಿರಿಯ ಭಿಕ್ಷು ತಡವಾಗಿ ಬರುತ್ತಾನೆ. ಪಾಲಿ ಪಾಠದಲ್ಲಿ ಅವನ ಮಾತು ಚಿಕ್ಕದು: ಥೇರರು ಚೆನ್ನಾಗಿ ಸಂಗ್ರಹಿಸಿದ್ದಾರೆ, ಆದರೂ ತಾನು ಬುದ್ಧನ ಬಾಯಿಂದ ಕೇಳಿದಂತೆಯೇ ನಡೆಯುತ್ತೇನೆ. ಯಾವ ವಿಷಯವೆಂದು ಅಲ್ಲಿ ಹೇಳಿಲ್ಲ. ಮಹೀಶಾಸಕರ ವಿನಯ ಅದನ್ನು ಬಿಚ್ಚಿ ಹೇಳುತ್ತದೆ. ವಿವಾದವು ಮೇಲೆ ಹೇಳಿದಂಥ ಆಹಾರ ನಿಯಮಗಳದ್ದು. ಬರಗಾಲದ ಅನುಮತಿಯನ್ನು ಬುದ್ಧನೇ ಹಿಂತೆಗೆದುಕೊಂಡನೆಂದು ಕಾಶ್ಯಪನು ಹೇಳುತ್ತಾನೆ. ಸರ್ವಜ್ಞನಾದವನು ಮೊದಲು ಕೊಟ್ಟು ಆಮೇಲೆ ಕಿತ್ತುಕೊಳ್ಳುವುದು ಹೇಗೆ ಎಂದು ಪುರಾಣನು ಕೇಳುತ್ತಾನೆ. ಧರ್ಮಕ್ಕೆ ಒಡೆಯನಾದ್ದರಿಂದಲೇ ಹಾಗೆ ಮಾಡಬಲ್ಲ ಎಂಬುದು ಕಾಶ್ಯಪನ ಉತ್ತರ. ಪುರಾಣನು ಬಂದ ದಕ್ಖಿಣಗಿರಿಯನ್ನು ದಕ್ಷಿಣ ಭಾರತವೆಂದು ತಿಳಿಯುವಂತಿಲ್ಲ. ಅದು ರಾಜಗೃಹದ ದಕ್ಷಿಣಕ್ಕಿದ್ದ ಬೆಟ್ಟಸೀಮೆ. ಮುಖ್ಯವಾದುದೆಂದರೆ ಪಾಲಿ ಪಾಠವು ಚಿಕ್ಕದಾಗಿ ಮುಗಿಸಿದ ಭಿನ್ನಮತವನ್ನು ಮಹೀಶಾಸಕರು ಅದರ ವಾದದೊಡನೆ ಉಳಿಸಿಕೊಂಡರು ಎಂಬುದು.

ಅದೇ ವಿನಯದಲ್ಲಿ ಬುದ್ಧನ ಬಾಯಲ್ಲಿ ಬರುವ ಮತ್ತೊಂದು ಮಾತು ಪೂರ್ವ ಏಷ್ಯಾದಲ್ಲಿ ಬಹಳ ಪ್ರಸಿದ್ಧವಾಯಿತು. ತಾನು ವಿಧಿಸಿದ್ದೇ ಆದರೂ ಬೇರೊಂದು ನಾಡಿನವರು ಅದನ್ನು ಶುದ್ಧವೆಂದು ಭಾವಿಸದಿದ್ದರೆ ಅಲ್ಲಿ ಆಚರಿಸಬಾರದು. ತಾನು ವಿಧಿಸದಿದ್ದುದನ್ನು ಆ ನಾಡು ಅಗತ್ಯವೆಂದು ಭಾವಿಸಿದರೆ ಅಲ್ಲಿ ಆಚರಿಸಲೇಬೇಕು ಎಂಬುದು ಅದರ ಆಶಯ. ಮಹೀಶಾಸಕ ವಿನಯ ಇಂದು ಪೂರ್ಣವಾಗಿ ಉಳಿದಿರುವುದು ಚೀನೀ ಭಾಷೆಯಲ್ಲಿ. ಐದನೆಯ ಶತಮಾನದ ಆರಂಭದಲ್ಲಿ ಫಾಹಿಯಾನನು ಅದರ ಪ್ರತಿಯನ್ನು ಸಿಂಹಳದಲ್ಲಿ ಪಡೆದು ಒಯ್ದನು. ಬುದ್ಧಜೀವನು 423-424ರ ಸುಮಾರಿಗೆ ಅನುವಾದಿಸಿದನು. ಭಾರತದಲ್ಲಿ ಆ ನಿಕಾಯ ಅಳಿದುಹೋಯಿತು.

ನೆಲಕ್ಕೆ ತಕ್ಕ ನಿಯಮದ ಕಲ್ಪನೆ ಥೇರವಾದದಲ್ಲಿಯೂ ಇದೆ. ಅದರ ನಿದರ್ಶನ ಕೊಪ್ಪಳದ ಓದುಗರಿಗೆ ವಿಶೇಷವಾಗಿ ಅರ್ಥವಾಗುವಂಥದು. ಅವಂತಿ-ದಕ್ಷಿಣಾಪಥದಲ್ಲಿ ಸೋಣ ಕುಟಿಕಣ್ಣನೆಂಬವನು ಭಿಕ್ಷುವಾಗಲು ಬಯಸಿದನು. ದೀಕ್ಷೆಗೆ ಹತ್ತು ಭಿಕ್ಷುಗಳ ಸಂಘ ಬೇಕು. ಆ ಸೀಮೆಯಲ್ಲಿ ಹತ್ತು ಜನರನ್ನು ಕೂಡಿಸಲು ಮೂರು ವರ್ಷ ಹಿಡಿಯಿತು. ಬಳಿಕ ಅವನು ಬುದ್ಧನನ್ನು ಕಂಡು ಗುರುವಿನ ಪರವಾಗಿ ಬಿನ್ನವಿಸಿದನು: ತಮ್ಮ ಸೀಮೆಯಲ್ಲಿ ಭಿಕ್ಷುಗಳು ವಿರಳ, ನೆಲ ಕಪ್ಪು, ಗಡುಸು, ದನಗಳ ಗೊರಸಿನಿಂದ ಮುರಿದು ಮುಳ್ಳಾದುದು, ಜನ ಪದೇಪದೇ ಸ್ನಾನ ಮಾಡುವವರು, ಚರ್ಮದ ಹಾಸುಗಳನ್ನು ಬಳಸುವವರು. ಬುದ್ಧನು ಗಡಿನಾಡುಗಳಲ್ಲಿ ಐದೇ ಭಿಕ್ಷುಗಳಿಂದ ದೀಕ್ಷೆ ಕೊಡಲು ಅನುಮತಿಸಿದನು. ಒಂದಕ್ಕಿಂತ ಹೆಚ್ಚು ಪದರದ ಪಾದರಕ್ಷೆ, ನಿತ್ಯಸ್ನಾನ, ಚರ್ಮದ ಹಾಸು ಇವುಗಳಿಗೂ ಒಪ್ಪಿಗೆ ಸಿಕ್ಕಿತು. ಅವಂತಿಯ ಸೀಮೆ ಕೊಪ್ಪಳದಿಂದ ಬಹುದೂರ. ಆದರೆ ಮಧ್ಯದೇಶದ ಗಡಿಯಾಚೆಗಿನ ಎಲ್ಲ ನಾಡಿಗೂ ಈ ಸಡಿಲಿಕೆ ಅನ್ವಯಿಸುತ್ತಿದ್ದುದರಿಂದ, ತುಂಗಭದ್ರೆಯ ಉತ್ತರಕ್ಕಿರುವ ಈ ಪ್ರದೇಶಕ್ಕೂ ಅದು ಅನ್ವಯಿಸಲೇಬೇಕು. ಯಲಬುರ್ಗಾ ಮತ್ತು ಕುಷ್ಟಗಿಯ ಎರೆಹೊಲಗಳಲ್ಲಿ ಬೇಸಿಗೆಯಲ್ಲಿ ನಡೆದವರಿಗೆ ಪಾದರಕ್ಷೆಯ ಆ ನಿಯಮ ಏಕೆ ಬೇಕಾಯಿತೆಂದು ವಿವರಿಸಬೇಕಾಗಿಲ್ಲ. ಮಳೆ ಕೈಕೊಟ್ಟರೆ ಭಿಕ್ಷಾಪಾತ್ರೆ ಬರಿದಾಗುವ ಸೀಮೆಯಲ್ಲಿ, ಧಾನ್ಯ ಕೂಡಿಡಬಹುದೇ ಎಂಬುದು ವಿಹಾರದ ಅಳಿವು ಉಳಿವಿನ ಪ್ರಶ್ನೆಯೇ ಆಗಿರುತ್ತದೆ.

ಆನೆಗೊಂದಿ ಮತ್ತು ಡಂಬಳ

ಇದೇ ಮಾನದಂಡವನ್ನು ನಂತರದ ಕಾಲದ ಎರಡು ಆಧಾರಗಳಿಗೆ ಹಚ್ಚಿ ನೋಡಬಹುದು. ಏಳನೆಯ ಶತಮಾನದಲ್ಲಿ ಹ್ಯೂಯೆನ್‍ತ್ಸಾಂಗನು ಕೊಂಕಣಪುರವೆಂಬ ರಾಜ್ಯವನ್ನು ವರ್ಣಿಸಿದ್ದಾನೆ. ಅಲ್ಲಿ ಸುಮಾರು ನೂರು ವಿಹಾರಗಳೂ ಹತ್ತು ಸಾವಿರ ಭಿಕ್ಷುಗಳೂ ಇದ್ದು, ಅವರು ಎರಡೂ ಯಾನಗಳನ್ನು ಅಭ್ಯಸಿಸುತ್ತಿದ್ದರೆಂದು ಅವನು ಬರೆದಿದ್ದಾನೆ. ಅದರ ರಾಜಧಾನಿ ಗಂಗಾವತಿ ತಾಲ್ಲೂಕಿನ ಆನೆಗೊಂದಿಯೆಂದು ಕನ್ನಿಂಗ್‍ಹ್ಯಾಮ್ ಸೂಚಿಸಿದರು. ಬನವಾಸಿ ಎಂದವರೂ ಇದ್ದಾರೆ. ಸ್ಥಳದ ಪ್ರಶ್ನೆ ಇತ್ಯರ್ಥವಾಗಿಲ್ಲವಾದ್ದರಿಂದ ಆ ಸಂಖ್ಯೆಗಳನ್ನು ಗಂಗಾವತಿಯ ಇತಿಹಾಸಕ್ಕೆ ನೇರವಾಗಿ ಜಮಾ ಮಾಡುವಂತಿಲ್ಲ. ಸ್ಥಳ ಯಾವುದೇ ಆಗಿರಲಿ, ಒಂದೇ ನಾಡಿನಲ್ಲಿ ಎರಡೂ ಯಾನಗಳ ಅಧ್ಯಯನ ಒಟ್ಟಿಗೆ ನಡೆಯುತ್ತಿತ್ತೆಂಬ ಮಾತು ಮೂರು ಮೆಟ್ಟಿಲುಗಳ ಚೌಕಟ್ಟನ್ನು ಸಡಿಲಗೊಳಿಸುತ್ತದೆ. ಹೀನಯಾನ ಮುಗಿದ ಮೇಲೆ ಮಹಾಯಾನ ಬಂದಿತೆಂಬ ಕಾಲಕ್ರಮಕ್ಕೆ ಈ ಸಹವಾಸ ಹೊಂದುವುದಿಲ್ಲ.

ಎರಡನೆಯದು ಡಂಬಳ. ಕೊಪ್ಪಳ ಜಿಲ್ಲೆಯ ಪಶ್ಚಿಮದ ನೆರೆಯಾದ ಗದಗ ಜಿಲ್ಲೆಯ ಈ ಊರು ಶಾಸನಗಳ ಧರ್ಮವೊಳಲು. ಆರನೆಯ ವಿಕ್ರಮಾದಿತ್ಯನ ಕಾಲದ 1095ರ ಶಾಸನವು ಅಲ್ಲಿಯ ಹದಿನಾರು ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರವನ್ನೂ, ಲೊಕ್ಕಿಗುಂಡಿಯ ಸೆಟ್ಟಿಯೊಬ್ಬನು ಮಾಡಿಸಿದ ಆರ್ಯತಾರಾದೇವಿಯ ವಿಹಾರವನ್ನೂ ಹೆಸರಿಸುತ್ತದೆ. ತಾರೆಯ ಆರಾಧನೆಯಿಂದ ಅಲ್ಲಿನ ಭಕ್ತರ ಯಾನ ಯಾವುದೆಂದು ತಿಳಿಯುತ್ತದೆ. ಅಲ್ಲಿನ ಭಿಕ್ಷುಗಳು ಯಾವ ಪ್ರಾತಿಮೋಕ್ಷವನ್ನು ಪಠಿಸುತ್ತಿದ್ದರೆಂಬುದು ತಿಳಿಯುವುದಿಲ್ಲ. ಗವಿಮಠದ ಕಲ್ಲಿನಲ್ಲಿ ಯಾನವೂ ಇಲ್ಲ, ನಿಕಾಯವೂ ಇಲ್ಲ. ಕೊಡಬಲಿಸಿರಿಯ ಕಂಬದಲ್ಲಿ ನಿಕಾಯವಿದೆ, ಯಾನವಿಲ್ಲ. ಡಂಬಳದಲ್ಲಿ ಯಾನವಿದೆ, ನಿಕಾಯವಿಲ್ಲ. ಈ ಮೂರನ್ನೂ ಒಂದೇ ಏಣಿಯ ಮೆಟ್ಟಿಲುಗಳೆಂದು ಜೋಡಿಸುವುದು ಮೂರು ಬೇರೆ ಪ್ರಶ್ನೆಗಳ ಉತ್ತರಗಳನ್ನು ಒಂದೇ ಪ್ರಶ್ನೆಯ ಉತ್ತರವೆಂದು ಭ್ರಮಿಸಿದಂತೆ.

ಉಪಸಂಹಾರ

ನಿಕಾಯ ಮತ್ತು ಯಾನಗಳ ಭೇದ ಹಳೆಯ ಕಲ್ಲುಗಳನ್ನು ಓದುವವರ ತಾಂತ್ರಿಕ ಎಚ್ಚರವಷ್ಟೇ ಅಲ್ಲ. ಇಂದು ಜಗತ್ತಿನಲ್ಲಿ ಮೂರು ವಿನಯ ಪರಂಪರೆಗಳು ಜೀವಂತವಾಗಿವೆ. ಸಿಂಹಳ, ಬರ್ಮಾ, ಥಾಯ್ಲೆಂಡ್‍ಗಳಲ್ಲಿ ಥೇರವಾದ. ಚೀನಾ, ಕೊರಿಯಾ, ವಿಯೆಟ್ನಾಂಗಳಲ್ಲಿ ಧರ್ಮಗುಪ್ತಕ. ಟಿಬೆಟ್ಟಿನ ಪರಂಪರೆಯಲ್ಲಿ ಮೂಲಸರ್ವಾಸ್ತಿವಾದ. ಇವುಗಳಲ್ಲಿ ಎರಡು ಕರ್ನಾಟಕದಲ್ಲಿವೆ. ಬೆಂಗಳೂರಿನಲ್ಲಿ ಆಚಾರ್ಯ ಬುದ್ಧರಕ್ಖಿತರು 1956ರಲ್ಲಿ ಸ್ಥಾಪಿಸಿದ ಮಹಾಬೋಧಿ ಸೊಸೈಟಿ ಥೇರವಾದದ್ದು. ಬೈಲಕುಪ್ಪೆ ಮತ್ತು ಮುಂಡಗೋಡಿನ ಟಿಬೆಟನ್ ವಿಹಾರಗಳು ಮೂಲಸರ್ವಾಸ್ತಿವಾದದ ದೀಕ್ಷೆಯನ್ನೂ ಮಹಾಯಾನ ಮತ್ತು ವಜ್ರಯಾನದ ಮಾರ್ಗವನ್ನೂ ಒಟ್ಟಿಗೆ ಪಾಲಿಸುತ್ತವೆ. ಅಲ್ಲಿನ ಭಿಕ್ಷುವು ಬುದ್ಧತ್ವದ ಸಂಕಲ್ಪ ತೊಟ್ಟವನು; ಆದರೆ ಅವನು ಪಠಿಸುವ 253 ನಿಯಮಗಳು ಮಹಾಯಾನಿಗಳು ಹೀನಯಾನವೆಂದು ಕರೆದ ನಿಕಾಯವೊಂದರವು.

ಈ ಭೇದದ ಭಾರ ಎಷ್ಟೆಂಬುದು ಭಿಕ್ಷುಣಿಯರ ವಿಷಯದಲ್ಲಿ ಕಾಣುತ್ತದೆ. 2016ರ ಡಿಸೆಂಬರ್‌ನಲ್ಲಿ ಮುಂಡಗೋಡಿನ ಡ್ರೆಪುಂಗ್ ವಿಹಾರದಲ್ಲಿ ಇಪ್ಪತ್ತು ಮಂದಿ ಸನ್ಯಾಸಿನಿಯರಿಗೆ ಗೆಷೆಮಾ ಪದವಿ ನೀಡಲಾಯಿತು. ದೀರ್ಘ ಶಾಸ್ತ್ರಾಧ್ಯಯನದ ಕೊನೆಯಲ್ಲಿ ದೊರೆಯುವ ಆ ಪದವಿ ಸಾಂಪ್ರದಾಯಿಕವಾಗಿ ಪುರುಷರಿಗೆ ಸಲ್ಲುತ್ತಿತ್ತು. ಮಾರ್ಗವನ್ನು ಕುರಿತ ಅತ್ಯುನ್ನತ ಅಧ್ಯಯನದ ಬಾಗಿಲು ಹೀಗೆ ತೆರೆಯಿತು. ಆದರೆ ಪೂರ್ಣ ಭಿಕ್ಷುಣಿಯ ಉಪಸಂಪದೆ ಅದರೊಡನೆ ಬರಲಿಲ್ಲ. ಏಕೆಂದರೆ ಭಿಕ್ಷುಣಿಯ ದೀಕ್ಷೆಗೆ ಅದೇ ನಿಕಾಯದ ಭಿಕ್ಷುಣಿಯರ ಸಂಘವೂ ಬೇಕು. ಮೂಲಸರ್ವಾಸ್ತಿವಾದದ ಭಿಕ್ಷುಣಿ ಪರಂಪರೆ ಟಿಬೆಟ್ಟಿನಲ್ಲಿ ನೆಲೆಗೊಂಡಿರಲಿಲ್ಲ. ಧರ್ಮಗುಪ್ತಕರಲ್ಲಿ ಅದು ಉಳಿದಿದೆ, ಆದರೆ ಅದು ಬೇರೆ ನಿಕಾಯ. 2022ರಲ್ಲಿ ಭೂತಾನಿನಲ್ಲಿ ಭಿಕ್ಷುಸಂಘವೇ ನೂರಕ್ಕೂ ಹೆಚ್ಚು ಸ್ತ್ರೀಯರಿಗೆ ಮೂಲಸರ್ವಾಸ್ತಿವಾದದ ಪೂರ್ಣ ದೀಕ್ಷೆ ಕೊಟ್ಟದ್ದು ಈ ಬಿಕ್ಕಟ್ಟಿಗೆ ಒಂದು ಉತ್ತರ. ಅದನ್ನು ಎಲ್ಲರೂ ಒಪ್ಪಿಲ್ಲ. ವಿಧಿಸಿದ್ದನ್ನು ಬದಲಿಸಬಾರದೆಂಬ ಕಾಶ್ಯಪನ ಪಕ್ಷವೂ, ಒಮ್ಮೆ ಕೊಟ್ಟದ್ದನ್ನು ಕಿತ್ತುಕೊಳ್ಳಲಾಗದೆಂಬ ಪುರಾಣನ ಪಕ್ಷವೂ ಈ ಚರ್ಚೆಯಲ್ಲಿ ಮತ್ತೆ ಎದುರುಬದುರಾಗಿ ನಿಂತಿವೆ.

ಗವಿಮಠದ ಶಾಸನಕ್ಕೆ ಹೀನಯಾನವೆಂಬ ಹಣೆಪಟ್ಟಿ ಹಚ್ಚುವುದರಿಂದ ಆಗುವ ನಷ್ಟ ಈಗ ಸ್ಪಷ್ಟವಾಗುತ್ತದೆ. ದೊಡ್ಡವನಷ್ಟೇ ಅಲ್ಲ, ಸಣ್ಣವನೂ ಶ್ರಮದಿಂದ ಪಡೆಯಬಲ್ಲನೆಂಬ ಅದರ ಮಾತು ನಿಕಾಯಗಳ ವಾದಕ್ಕೆ ಹೊರಗಿನದು. ಕೊಪ್ಪಳದ ಸುತ್ತಲಿನ ಒಕ್ಕಲು ಮಕ್ಕಳಿಗೆ, ದನಗಾಹಿಗಳಿಗೆ, ದಾರಿಹೋಕ ವರ್ತಕರಿಗೆ ಎಟಕುವಂತೆ ಕೊರೆಸಿದ ಮಾತದು. ಕರ್ನಾಟಕದ ಬೌದ್ಧಧರ್ಮದ ಇತಿಹಾಸವನ್ನು ಬರೆಯುವವರು ಪ್ರತಿ ಆಧಾರದ ಮುಂದೆಯೂ ಮೂರು ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ: ಮಾತನಾಡುತ್ತಿರುವವನು ಗೃಹಸ್ಥನೋ ಭಿಕ್ಷುವೋ? ಅವನ ಗುರಿ ಯಾವುದು? ಅವನ ಸಂಘ ಪಠಿಸುವ ನಿಯಮ ಯಾರದು? ಗವಿಮಠದ ಕಲ್ಲು ಮೊದಲನೆಯ ಪ್ರಶ್ನೆಗೆ ಖಚಿತವಾಗಿ, ಎರಡನೆಯದಕ್ಕೆ ಗೃಹಸ್ಥನ ಮಟ್ಟದಲ್ಲಿ ಉತ್ತರಿಸುತ್ತದೆ, ಮೂರನೆಯದಕ್ಕೆ ಮೌನವಾಗಿದೆ. ಆ ಮೌನವನ್ನು ಮೌನವೆಂದೇ ಉಳಿಸಿಕೊಳ್ಳುವುದು ಶಾಸನಕ್ಕೆ ಸಲ್ಲಬೇಕಾದ ನ್ಯಾಯ.